ಒರಿಜಿನಲ್ ಇಲ್ಲಿ ಇಡಂಗಿಲ್ಲ

ಇಳಕಲ್ಲಿನ ಆ ಖಾಸಗಿ ಶಾಲೆಯಲ್ಲಿ ಭಾಗ್ಯಾ ವಿಜ್ಞಾನ ಶಿಕ್ಷಕಿಯ ನೌಕರಿಗಾಗಿ ಡೆಮೊ ಪಾಠ ಮಾಡಿದಳು. ನೀರು ತುಂಬಿದ ಗಾಜಿನ ಲೋಟದಲ್ಲಿ ಪೆನ್ಸಿಲ್ ಇಟ್ಟು, ಅದು ಮುರಿದಂತೆ ಯಾಕೆ ಕಾಣುತ್ತದೆಂದು ಕೇಳಿದಾಗ ಎಂಟನೆಯ ತರಗತಿಯ ಮಕ್ಕಳು ಬೆಂಚು ಬಿಟ್ಟು ಎದ್ದು ಬಂದಿದ್ದರು. ಬಾಗಿಲಲ್ಲಿ ನಿಂತು ನೋಡಿದ ಮುಖ್ಯೋಪಾಧ್ಯಾಯಿನಿ ಜಾನಕಿಬಾಯಿಗೆ ಮನಸ್ಸು ತುಂಬಿತ್ತು.

ಆಡಳಿತ ಮಂಡಳಿಯ ಕಾರ್ಯದರ್ಶಿ ಪ್ರಭುಲಿಂಗ ಅವಳನ್ನು ಆಫೀಸಿಗೆ ಕರೆದ.

“ಚಲೋ ಮಾಡಿದ್ರಿ ಮೇಡಂ. ಬಿ.ಎಸ್ಸಿ, ಬಿ.ಎಡ್ ಆಗೇತಿ, ಟಿಇಟಿ ಎರಡನೇ ಪೇಪರೂ ಪಾಸ್. ಆರರಿಂದ ಎಂಟಕ್ಕ ಇಂಥವರೇ ಬೇಕ್ರಿ. ನಾಳೆ ಬಂದು ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಇಡ್ರಿ, ಎರಡು ವರ್ಷದ ಬಾಂಡಿಗೆ ಸಹಿ ಹಾಕ್ರಿ. ಒಂದು ಖಾಲಿ ಚೆಕ್ ತರ್ರಿ.”

“ಪಗಾರ?”

“ಬ್ಯಾಂಕಿಗೆ ಪೂರಾ ಹಾಕ್ತೇವಿ. ಅರ್ಧ ತಗದು ನಮಗ ವಾಪಸ್ ಕೊಡಬೇಕು. ಬ್ಯಾಸಗಿ ಸೂಟಿ ತಿಂಗಳದ್ದು ಪಗಾರ ಇರಂಗಿಲ್ಲ.”

ಬಾಂಡಿನ ಪ್ರತಿ ಕೊಡಿ, ಓದಿ ಬರುತ್ತೇನೆ ಎಂದಳು ಭಾಗ್ಯಾ. ಅದನ್ನು ಯಾರೂ ಮನೆಗೆ ಒಯ್ದಿಲ್ಲ ಎಂದ ಪ್ರಭುಲಿಂಗ. ಅವಳು ಸಹಿ ಹಾಕದೆ ಎದ್ದಳು.

ಶಿರೂರಿನಲ್ಲಿ ಕುರಿ ಸಾಕುವ ಅಪ್ಪ ಚಂದಪ್ಪ, ಮಗಳಿಗೆ ನೌಕರಿ ಆಯಿತೆಂದು ಬೀರಪ್ಪನ ಗುಡಿಯಲ್ಲಿ ಆಗಲೇ ಕಾಯಿ ಒಡೆಸಿದ್ದ. “ಎಲ್ಲಾ ಸಾಲ್ಯಾಗೂ ಹಿಂಗss ಅಂತಾರ ಯವ್ವಾ, ಕೊಟ್ಟು ಸೇರು” ಎಂದು ಫೋನಿನಲ್ಲಿ ಬೇಡಿಕೊಂಡ.

“ಮೊದಲು ಕೇಳಿ ನೋಡ್ತೇನಿ ಅಪ್ಪಾ” ಎಂದು, ಅವಳು ಅದೇ ಶಾಲೆ ಬಿಟ್ಟಿದ್ದ ಗಣಿತದ ಶಿಕ್ಷಕಿ ನಾಹಿದಾಳ ಮನೆ ಹುಡುಕಿದಳು. ನಾಹಿದಾ ಮಗ್ಗದ ಓಣಿಯ ಮನೆಯಲ್ಲಿ ಟ್ಯೂಷನ್ ಹೇಳುತ್ತಿದ್ದಳು.

“ರಾಜೀನಾಮಿ ಬರದು ಒಂದು ತಿಂಗಳು ಮೊದಲss ಕೊಟ್ಟೆ” ಎಂದಳು ನಾಹಿದಾ. “ಬಾಂಡ್ ಮುಗಿದಿಲ್ಲ, ರೊಕ್ಕ ಕಟ್ಟು ಅಂದ್ರು. ಹುನಗುಂದದ ಸಾಲಿಯವರು ಒರಿಜಿನಲ್ ತೋರಿಸು ಅಂದ್ರು. ಎಲ್ಲಿಂದ ತೋರಸಲಿ? ಆ ನೌಕರಿ ಹೋತು. ಬಿ.ಎಡ್ ನಂದು, ಅವರ ಕಪಾಟಿನ್ಯಾಗ ಕೊಳೀತೈತಿ.”

“ಅಕ್ಕಾ, ನೋಡಿ ವಾಪಸ್ ಕೊಡಬೇಕು. ಇಟ್ಕೊಳ್ಳಾಕ ಅವರಿಗೆ ಹಕ್ಕಿಲ್ಲ. ನಾಳೆ ಇಬ್ರೂ ಹೋಗೂಣು.”

“ನಿನ್ನ ನೌಕರಿ?”

“ಅದು ನಂದಿನ್ನೂ ಆಗಿಲ್ಲಲ್ಲ.”

ಮರುದಿನ ಪ್ರವೇಶದ ಗದ್ದಲ. ಆಫೀಸಿನ ಮುಂದೆ ತಂದೆತಾಯಿಗಳು ಕೂತಿದ್ದರು. ಭಾಗ್ಯಾ ನಾಹಿದಾಳನ್ನು ಕರೆದುಕೊಂಡು ನೇರ ಪ್ರಭುಲಿಂಗನ ಮೇಜಿಗೆ ಹೋದಳು.

“ಸರ್, ಒರಿಜಿನಲ್ ತಂದೇನಿ. ನೋಡ್ರಿ, ಜೆರಾಕ್ಸ್ ಇಟ್ಕೊಳ್ರಿ, ವಾಪಸ್ ಕೊಡ್ರಿ. ಖಾಲಿ ಚೆಕ್ ಕೊಡಂಗಿಲ್ಲ. ಬ್ಯಾಂಕಿಗೆ ಹಾಕಿದ್ದನ್ನ ತಿರುಗಿ ತರಂಗಿಲ್ಲ. ಪಗಾರ, ಪಿ.ಎಫ್., ರಜೆ, ಬಿಡೂದಾದ್ರ ಎರಡೂ ಕಡಿ ಎಷ್ಟು ದಿನ ಮೊದಲು ಹೇಳಬೇಕು, ಎಲ್ಲಾ ನೇಮಕಾತಿ ಆದೇಶದಾಗ ಬರೀರಿ.”

“ಹಂಗಾದ್ರ ನಿಮಗ ನಮ್ಮ ಸಾಲಿ ಬ್ಯಾಡ.”

“ಬ್ಯಾಡಾದ್ರ ಬ್ಯಾಡ. ನಾಹಿದಾ ಮೇಡಂ ಅವರದನ್ನ ಕೊಡ್ರಿ. ಇಲ್ಲಾಂದ್ರ ಇಲ್ಲಿಂದ ಹುನಗುಂದದ ಬಿಇಓ ಆಫೀಸಿಗೆ, ಅಲ್ಲಿಂದ ಪೊಲೀಸ್ ಸ್ಟೇಷನ್ನಿಗೆ ಹೋಗ್ತೇವಿ.”

“ಮೆಲ್ಲಕ ಮಾತಾಡ್ರಿ, ಮಂದಿ ಕುಂತಾರ.”

“ಮಂದಿ ಕೇಳಲಿ ಅಂತss ಬಂದೇನಿ.”

ಮಂದಿ ಕೇಳಿಸಿಕೊಂಡಿದ್ದರು. ಒಬ್ಬಾಕೆ, ಕಾಸಿಂಬಿ ಎನ್ನುವವಳು, ಮೊಮ್ಮಗಳ ಕೈ ಹಿಡಿದು ಎದ್ದು ಬಂದಳು. “ನಾಹಿದಾ ಟೀಚರ್ ಇಲ್ಲಂದ್ರ ಈಗ ಗಣಿತ ಯಾರು ಹೇಳ್ತಾರ್ರಿ? ಅವರು ಬಿ.ಎಡ್ ಮಾಡ್ಯಾರೇನು?”

ಪ್ರಭುಲಿಂಗ ಪಕ್ಕದ ಮೇಜಿನಲ್ಲಿದ್ದ ಜಾನಕಿಬಾಯಿಯ ಕಡೆ ನೋಡಿದ. ತನ್ನ ಪರವಾಗಿ ಆಕೆ ಏನಾದರೂ ಹೇಳಲಿ ಎಂದು ಕಾಯುತ್ತಿದ್ದ.

“ಇಲ್ಲ. ಪಿಯುಸಿ ಅಷ್ಟss ಆಗೇತಿ” ಎಂದರು ಜಾನಕಿಬಾಯಿ. ಸೊಂಟದ ಕೀಲಿ ತೆಗೆದು ಕಪಾಟು ತೆರೆದರು. ನಾಹಿದಾಳ ಲಕೋಟೆ ಹುಡುಕಿ ಅವಳ ಕೈಗೆ ಕೊಟ್ಟರು. ಬಳಿಕ ಇನ್ನೊಂದನ್ನು ಎಳೆದು ತಮ್ಮ ಚೀಲಕ್ಕೆ ಹಾಕಿಕೊಂಡರು.

“ಅದು ಯಾರದು?” ಪ್ರಭುಲಿಂಗ ಗುಡುಗಿದ.

“ನಂದು. ನಾನೂ ಇಲ್ಲೇ ಇಟ್ಟಿದ್ದೆ.”

ಹೊರಗೆ ಬಂದ ನಾಹಿದಾ ಲಕೋಟೆಯಿಂದ ಅಂಕಪಟ್ಟಿ ತೆಗೆದು, ತನ್ನ ಹೆಸರಿನ ಮೇಲೆ ಬೆರಳಾಡಿಸಿದಳು. ಅಳಲಿಲ್ಲ. “ಹುನಗುಂದಕ್ಕ ಹೋಗೂದು ಹೋಗss ಬೇಕು. ಒಳಗ ಇನ್ನಾ ಎಷ್ಟು ಮಂದೀದು ಅದಾವ” ಎಂದಳು. ಇಬ್ಬರೂ ಬಸ್ಸು ಹತ್ತಿ ಹೋಗಿ, ಬಿಇಓ ಆಫೀಸಿನಲ್ಲಿ ದೂರು ಬರೆದುಕೊಟ್ಟು, ಅದು ತಲುಪಿದ್ದಕ್ಕೆ ಸಹಿ ಹಾಕಿಸಿಕೊಂಡೇ ಎದ್ದರು.

ಶಿರೂರಿಗೆ ಮರಳಿದ ಮಗಳೊಂದಿಗೆ ಚಂದಪ್ಪ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ರೊಟ್ಟಿ ಮುರಿಯುತ್ತ, “ಆ ಮುಸಲರ ಹುಡಿಗಿಗೆ ಖರೇನss ಕಾಗದ ಸಿಕ್ಕವೇನು?” ಎಂದು ಕೇಳಿದ. ಸಿಕ್ಕವು ಎಂದಾಗ ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ಭಾಗ್ಯಾಳಿಗೆ ಬಾದಾಮಿಯ ಒಂದು ಶಾಲೆಯಿಂದ ಕರೆ ಬಂತು. ಅಲ್ಲಿಯೂ ಅದೇ ಪ್ರಶ್ನೆಗಳನ್ನು ಕೇಳಿದಳು. ಒರಿಜಿನಲ್ ನೋಡಿ ತಿರುಗಿ ಕೊಟ್ಟರು, ಪಿ.ಎಫ್. ಒಪ್ಪಿದರು. ಸೂಟಿಯ ಪಗಾರಕ್ಕೆ ಮಾತ್ರ ಮುಖ ಹಿಂಡಿದರು.

“ಅದನ್ನೂ ಬರೀರಿ” ಎಂದು ಭಾಗ್ಯಾ ಕುರ್ಚಿ ಎಳೆದುಕೊಂಡು ಕೂತಳು. “ನನಗ ಅವಸರ ಇಲ್ಲ.”