ಒಣಗೇ ಉಳಿದ ನೆತ್ತಿ

ಬುಶ್ರಾಳ ಉತ್ತರಪತ್ರಿಕೆಯ ಮೇಲಿದ್ದ ಆ ಕೆಂಪು ಸೊನ್ನೆಯನ್ನು ನೋಡುತ್ತಲೇ ಭಾರತಮ್ಮ ಟೀಚರಿಗೆ ಮೈಯೆಲ್ಲ ಉರಿದುಹೋಯಿತು. ಗೌನಿಪಲ್ಲಿಯ ಹೈಸ್ಕೂಲಿನಿಂದ ಜಿಲ್ಲಾ ಗಣಿತ ಸ್ಪರ್ಧೆಗೆ ಹೋಗಲು ಇದ್ದದ್ದು ಒಂದೇ ಜಾಗ. ಬುಶ್ರಾ ಎರಡು ಅಂಕದಿಂದ ಹಿಂದೆ. ಆ ಸೊನ್ನೆಯ ಜಾಗದಲ್ಲಿ ನಾಲ್ಕಿದ್ದಿದ್ದರೆ ಜಾಗ ಅವಳದೇ.

ಪ್ರಶ್ನೆ ಹೀಗಿತ್ತು: ಆರು ಸೆಂ.ಮೀ. ತ್ರಿಜ್ಯದ ಸಿಲಿಂಡರಿನಲ್ಲಿ ನಾಲ್ಕು ಸೆಂ.ಮೀ. ನೀರಿದೆ. ಮೂರು ಸೆಂ.ಮೀ. ತ್ರಿಜ್ಯದ ಕಬ್ಬಿಣದ ಗೋಳವನ್ನು ಅದರಲ್ಲಿ ಹಾಕಿದರೆ ನೀರು ಎಷ್ಟು ಏರುತ್ತದೆ?

"ಒಂದು ಸೆಂ.ಮೀ. ಟೀಚರ್, ಕೀಲಿ ಉತ್ತರದಲ್ಲೇ ಇದೆ. ಗೋಳದ ಘನಫಲಾನ ಸಿಲಿಂಡರಿನ ತಳದ ವಿಸ್ತೀರ್ಣದಿಂದ ಭಾಗಿಸಿದ್ರೆ ಮುಗೀತು" ಎಂದರು ಆಯ್ಕೆಯ ಪ್ರಶ್ನೆಪತ್ರಿಕೆ ತೆಗೆದು ತಾವೇ ತಿದ್ದಿದ್ದ ಅಮರನಾಥ್ ಮೇಷ್ಟ್ರು. "ಈ ಹುಡ್ಗಿ ಲೆಕ್ಕಾನೇ ಮಾಡಿಲ್ಲ, ಕತೆ ಬರ್ದವಳೆ."

ಮೇಜಿನ ಪಕ್ಕ ನಿಂತಿದ್ದ ಬುಶ್ರಾ ತಲೆ ತಗ್ಗಿಸಲಿಲ್ಲ. "ಸಾರ್, ಗೋಳದ ಎತ್ತರ ಆರು. ನೀವು ಹೇಳ್ದಂಗೇ ಏರಿದ್ರೂ ನೀರು ಐದಕ್ಕೇ ನಿಲ್ತದೆ. ಮೇಲಿನ ಭಾಗ ಮುಳುಗೋದೇ ಇಲ್ಲ. ಮುಳುಗ್ದೇ ಇರೋದು ನೀರನ್ನ ಹೆಂಗೆ ಏರ್ಸ್ತದೆ? ಅದಕ್ಕೇ ಒಂದಕ್ಕಿಂತ ಕಮ್ಮಿ ಅಂತ ಬರ್ದೆ."

"ಬಾಯಿ ಬೇರೆ ಜೋರು!"

ಭಾರತಮ್ಮ ಪತ್ರಿಕೆಯನ್ನು ಮತ್ತೆ ಕೈಗೆತ್ತಿಕೊಂಡರು. ಹದಿನೆಂಟು ವರ್ಷ ಅದೇ ಸೂತ್ರವನ್ನು ಹೇಳಿಕೊಟ್ಟಿದ್ದರು. ಹಲಗೆಯ ಮೇಲೆ ಗೋಳವನ್ನು ಯಾವಾಗಲೂ ಮುಳುಗಿಸಿಯೇ ಬರೆದಿದ್ದರು. ದಿನಾ ಬೆಳಿಗ್ಗೆ ಅಭಿಷೇಕದ ಬಟ್ಟಲಿನಲ್ಲಿ ಸಾಲಿಗ್ರಾಮದ ನೆತ್ತಿ ನೀರಿನ ಮೇಲೇ ಇರುವುದನ್ನು ನೋಡಿ ಕೈಮುಗಿಯುವವರು ಅವರೇ. ಕಂಡದ್ದನ್ನು ಕಾಣಲಿಲ್ಲವಲ್ಲ, ತಂದೆ!

ಅವರು ಎದ್ದು ಹೋಗಿ ಬಿಸಿಯೂಟದ ಕೋಣೆಯಿಂದ ನೆಟ್ಟಗಿನ ಸ್ಟೀಲ್ ಡಬ್ಬವನ್ನೂ, ಆಟದ ಕೋಣೆಯಿಂದ ಎಸೆಯುವ ಕಬ್ಬಿಣದ ಗುಂಡನ್ನೂ ತಂದರು. ಡಬ್ಬದ ಅಗಲ ಗುಂಡಿನ ಅಗಲದ ಸರಿಯಾಗಿ ಎರಡರಷ್ಟು. ಗುಂಡಿನ ಎತ್ತರದ ಮೂರರಲ್ಲಿ ಎರಡು ಪಾಲಿಗೆ ನೀರು ಹೊಯ್ದರು.

"ನಿಮ್ಮ ಪ್ರಶ್ನೆಯ ಅಳತೇನೇ ಇದು, ದೊಡ್ಡದಾಗಿ. ಹೌದೋ ಅಲ್ವೋ?"

"ಹೌದು."

ಗುಂಡಿನ ನೆತ್ತಿಗೆ ಸೀಮೆಸುಣ್ಣದ ಪುಡಿ ಸವರಿ, ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ತಳಕ್ಕೆ ಇಳಿಸಿದರು. ನೀರು ಏರಿತು, ನಿಂತಿತು. ಪುಡಿ ಬೆಳ್ಳಗೆ, ಒಣಗೇ ಇತ್ತು.

ಅಮರನಾಥರು ಬಗ್ಗಿ ನೋಡಿದರು. ಆಮೇಲೆ ನಕ್ಕರು. "ಆಯ್ತು ಬಿಡಿ, ಪಾಪ, ಒಂದು ಗ್ರೇಸ್ ಮಾರ್ಕು ಹಾಕ್ತೀನಿ."

"ಪಾಪಾನ?" ಭಾರತಮ್ಮ ಮೇಜು ಗುದ್ದಿದ ರಭಸಕ್ಕೆ ನೀರು ತುಳುಕಿತು. "ತಪ್ಪು ಪ್ರಶ್ನೆ ನಿಮ್ದು, ತಪ್ಪು ಪಾಠ ನಂದು. ಸರಿ ಕಂಡಿದ್ದು ಇವಳೊಬ್ಬಳೇ, ಭಿಕ್ಷೆಯೂ ಇವಳಿಗೇನಾ? ಸೊನ್ನೆ ಹೊಡೆದುಹಾಕಿ, ನಾಲ್ಕು ಬರೀರಿ. ಇಲ್ಲಾಂದ್ರೆ ಈ ಡಬ್ಬಾನ ಹಿಂಗೇ ಎತ್ಕೊಂಡು ಕೋಲಾರದ ಶಿಕ್ಷಣ ಇಲಾಖೆ ಆಫೀಸಿಗೇ ಹೋಗ್ತೀನಿ!"

ಅಮರನಾಥರು ಡಬ್ಬವನ್ನೊಮ್ಮೆ, ಟೀಚರನ್ನೊಮ್ಮೆ ನೋಡಿದರು. ಕೆಂಪು ಪೆನ್ನು ತೆಗೆದು ಸೊನ್ನೆಯನ್ನು ಹೊಡೆದು ನಾಲ್ಕು ಬರೆದರು, ಪಕ್ಕದಲ್ಲಿ ಸಹಿ ಹಾಕಿದರು.

ಬುಶ್ರಾ ಗುಂಡನ್ನು ಮೇಲೆತ್ತಿ ತನ್ನ ದುಪಟ್ಟಾದಿಂದ ಒರೆಸಿದಳು. ನೆತ್ತಿಯ ಪುಡಿಯನ್ನು ಮಾತ್ರ ಹಾಗೇ ಬಿಟ್ಟಳು.