ಬೆಳ್ಳಗೇ ಉಳಿದ ಅಂಚು

ಪಾರ್ಸೆಲ್ ನೋಡಿದ್ದೇ ಯಮುನಾಳ ಎದೆ ಧಸಕ್ಕೆಂದಿತು. ಅಯ್ಯೋ, ತಾತ ಮತ್ತೆ ಪುಸ್ತಕ ಕಳಿಸಿದ್ದಾರೆ! ಬೇಸಿಗೆಯಲ್ಲಿ ಕೊಟ್ಟಿದ್ದ ಮೂರು ಹೊಸ ಪುಸ್ತಕಗಳನ್ನೂ ನಡುವೆಯೇ ಬಿಟ್ಟು, “ಓದಿದೆ ತಾತ, ಸೂಪರ್” ಎಂದು ಅಪ್ಪನ ಕೈಲಿ ವಾಪಸ್ ಕಳಿಸಿದ್ದಳು ಮಹರಾಯ್ತಿ. ಕಥೆ ಕೇಳಿಬಿಟ್ಟರೆ ಏನು ಗತಿ ಎಂಬ ಭಯಕ್ಕೆ ಕೆ.ಆರ್. ಪುರದಿಂದ ಮರ್ಫಿ ಟೌನಿನ ತಾತನ ಮನೆ ಕಡೆ ತಲೆಯನ್ನೇ ಹಾಕಿರಲಿಲ್ಲ. ಕರೆದರೆ ಟ್ಯೂಷನ್ ಎನ್ನುತ್ತಿದ್ದಳು. ತಾತ ಮುನಿನಾರಾಯಣಪ್ಪ ಬಾಡಿಗೆಗೆ ಪುಸ್ತಕ ಕೊಡುವ ಲೈಬ್ರರಿ ನಡೆಸಿಯೇ ಮುದುಕರಾದವರು. ಅವರ ಮುಂದೆ ಬುರುಡೆ ಬಿಡುವುದೆಂದರೆ ಹುಡುಗಾಟವೇ?

ಪುಸ್ತಕಗಳ ಮೇಲೊಂದು ಕಾಗದವಿತ್ತು.

“ಕಳ್ಳಿ ಯಮ್ಮೂ, ಓದಿದಷ್ಟು ಪುಟದ ಅಂಚು ಕೈ ತಾಗಿ ಮಾಸುತ್ತೆ, ಓದದ್ದು ಬೆಳ್ಳಗೇ ಉಳಿಯುತ್ತೆ. ಬೈತಿಲ್ಲ ಕಣೇ. ಗಿರಾಕಿ ಎಲ್ಲಿ ನಿಂತ ಅಂತ ನೋಡ್ಕೊಂಡೇ ನಾನು ಮುಂದಿನ ಪುಸ್ತಕ ಕೊಡ್ತಿದ್ದಿದ್ದು.”

ಯಮುನಾಳ ಕಿವಿ ಬಿಸಿಯಾಯಿತು. ಮುಖ ಎಲ್ಲಿಡಲಿ ಎನಿಸಿತು.

“ಪತ್ತೇದಾರಿಯಲ್ಲಿ ಕೊಲೆಗೆ ಮುಂಚೆ ಬೆಟ್ಟದ ವರ್ಣನೆ ಜಾಸ್ತಿ, ನೀನು ಬೆಟ್ಟದ ಮೇಲೇ ಮಲಗಿಬಿಟ್ಟೆ. ಅದಕ್ಕೇ ಈ ತೆಳ್ಳಗಿನದು. ಎಲ್ಲಾ ಸಣ್ಣ ಕಥೆ, ಮೊದಲ ಸಾಲಲ್ಲೇ ಹೆಣ. ಮೆಟ್ರೋ ಇಂದಿರಾನಗರ ಮುಟ್ಟೋದ್ರೊಳಗೆ ಒಂದು ಮುಗಿಯುತ್ತೆ. ನಾವಿಕನ ಜೀವನಚರಿತ್ರೆಯಲ್ಲಿ ಅವನ ತಾತ ಮುತ್ತಾತರ ಕಥೆಗೇ ಸುಸ್ತಾದೆ. ಆದ್ರೆ ನಡುವಿನ ಫೋಟೋಗಳ ಮೇಲೆ ನಿನ್ನ ಚಿಪ್ಸ್ ಎಣ್ಣೆ! ಅದಕ್ಕೆ ಹಡಗಿನ ಅಡುಗೆಯವಳ ಡೈರಿ ಇಟ್ಟಿದ್ದೀನಿ, ತುಂಬಾ ಚಿತ್ರ ಇದೆ. ನಡುವಿಂದ ಓದಿದ್ರೂ ಪೊಲೀಸ್ನೋರು ಹಿಡಿಯಲ್ಲ. ಜೊತೆಗಿರೋ ದಪ್ಪ ಪುಸ್ತಕ ಬೋರ್ ಹೊಡೀಲಿ ಅಂತಲೇ ಇಟ್ಟಿದ್ದು, ಧೈರ್ಯವಾಗಿ ಬಿಡೋದನ್ನೂ ಕಲೀಬೇಕಲ್ಲ. ಐವತ್ತು ಪುಟ ನೋಡು, ಹಿಡಿಸದಿದ್ರೆ ಬಿಟ್ಬಿಡು. ಸೂಪರ್ ಅನ್ಬೇಡ, ಬಂದು ಚೆನ್ನಾಗಿ ಬೈದುಹೋಗು.”

ಯಮುನಾ ಕಿಸಕ್ಕನೆ ನಕ್ಕಳು. ಆದರೆ ತಳದಲ್ಲಿದ್ದ ಪುಸ್ತಕ ಕಂಡು ನಗು ನಿಂತಿತು. ಅವಳೇ ಮರಳಿಸಿದ್ದ ಕಾದಂಬರಿ ಅದು, ಅಂಚು ಮುಕ್ಕಾಲು ಭಾಗ ಮಾಸಿತ್ತು. ಕಥೆಯ ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ಪುಟದಲ್ಲಿ ಅವಳು ಮುಚ್ಚಿಟ್ಟಿದ್ದಳು. ಯುಗಾದಿಗೆ ಮುಂಚೆ ಅವಳ ಅಜ್ಜಿ ಆಂಜನಮ್ಮನನ್ನೂ ಹಾಗೇ ಕರೆದೊಯ್ದಿದ್ದರು, ಅಜ್ಜಿ ವಾಪಸ್ ಬರಲಿಲ್ಲ.

“ಇದನ್ನ ಮಾತ್ರ ಬದಲಾಯಿಸಿಲ್ಲ. ಈಚೆಗೆ ಬಂದ ಕಾದಂಬರಿ, ನಾನೂ ಓದಿರ್ಲಿಲ್ಲ. ನೀನ್ಯಾಕೆ ನಿಂತೆ ಅಂತ ತೆಗೆದ್ರೆ, ಆ ಪುಟ ದಾಟೋಕೆ ನನಗೂ ಆಗ್ಲಿಲ್ಲ ಮಗಳೇ. ಭಾನುವಾರ ಬಾ, ಇಬ್ರೂ ಸೇರಿ ದಾಟೋಣ.”

ಭಾನುವಾರ ಬಾಗಿಲಲ್ಲೇ ತಾತ ಕೇಳಿದರು, “ಟ್ಯೂಷನ್ ಇಲ್ವೇನಮ್ಮಾ?”

ಅವಳು ಜಗಲಿಯ ಮೇಲೆ ಕೂತು, ಕಾದಂಬರಿಯ ಆ ಪುಟ ತೆಗೆದು ಗಟ್ಟಿಯಾಗಿ ಓದತೊಡಗಿದಳು. ಅಜ್ಜಿಯನ್ನು ಕರೆದೊಯ್ಯುವ ಸಾಲು ಬಂದಾಗ ಪುಸ್ತಕವನ್ನು ತಾತನ ಕೈಗೆ ಕೊಟ್ಟಳು. ಅವರೂ ಎರಡು ಸಾಲಿಗೇ ನಿಂತಾಗ ಮತ್ತೆ ತೆಗೆದುಕೊಂಡಳು. ಎರಡು ಅಧ್ಯಾಯ ಕಳೆದರೆ, ಕಥೆಯ ಅಜ್ಜಿ ಗುಣವಾಗಿ, ಎಲ್ಲರನ್ನೂ ಬೈಯುತ್ತಾ ಆಟೋದಿಂದ ಇಳಿದಳು!

ಯಮುನಾಗೆ ಅಳು ಒತ್ತರಿಸಿ ಬಂತು. “ಇವಳು ಬಂದ್ಬಿಟ್ಲು ತಾತ. ನಮ್ಮಜ್ಜಿ ಯಾಕೆ ಬರ್ಲಿಲ್ಲ?”

ತಾತ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು.

“ನಾನೂ ಬಾ ಅಂತ ಕರೆದೆ ಕಣೇ,” ಎಂದರು. “ಆದ್ರೆ ನಿಮ್ಮಜ್ಜಿ ಯಾವತ್ತು ನನ್ ಮಾತು ಕೇಳಿದ್ಳು ಹೇಳು?”