ನಾಲ್ಕನೆಯ ಹಲ್ಲು

ಅಂಕಮ್ಮ ಸಾತನೂರಿನ ತಮ್ಮನ ಮನೆಗೆ ಬಂದು ನೆಲೆಸಿ ಆರು ವರ್ಷವಾಗಿತ್ತು. ಅದಕ್ಕೂ ಮುಂಚೆ ಇಪ್ಪತ್ತೊಂಬತ್ತು ವರ್ಷ ಮೃಗಾಲಯವೊಂದರಲ್ಲಿ ಮೊಸಳೆಗಳ ಆರೈಕೆ ಮಾಡಿ ನಿವೃತ್ತರಾಗಿದ್ದರು. ಊರಲ್ಲಿ ಅದನ್ನು ಯಾರೂ ಕೇಳುತ್ತಿರಲಿಲ್ಲ. ಬೆಳಿಗ್ಗೆ ಹಿಪ್ಪುನೇರಳೆ ಸೊಪ್ಪು ಬಿಡಿಸುವುದು, ಸಂಜೆ ಡೇರಿಗೆ ಹಾಲು ಹಾಕಿ ಬರುವುದು, ಹೀಗೆ ದಿನ ಕಳೆಯುತ್ತಿತ್ತು.

ಜನವರಿಯ ಒಂದು ಮಧ್ಯಾಹ್ನ ಇಸ್ರಾರ್ ಫೋನ್ ಮಾಡಿದ. ಕನಕಪುರದಲ್ಲಿ ಬಣ್ಣದ ಮೀನು, ಗಾಜಿನ ತೊಟ್ಟಿ ಮಾರುವ ಅಂಗಡಿ ಅವನದು. ಅವನ ತಂದೆ ಮೆಹಬೂಬ್ ಸಾಹೇಬರು ಮೃಗಾಲಯದಲ್ಲಿ ಅಂಕಮ್ಮನಿಗೆ ಕೆಲಸ ಕಲಿಸಿದವರು.

"ಅತ್ತೆ, ನಿಮ್ಮೂರಿನ ಹತ್ರ ಕೆರೇಲಿ ಒಂದು ಪ್ರಾಣಿ ಕಾಣಿಸ್ಕೊಂಡೈತಂತೆ. ಡೇರಿ ಸೆಕ್ರೆಟರಿ ಪ್ರಕಾಶ್ ಫೋಟೋ ತೆಗೆದು ಇದ್ಯಾವ ಪ್ರಾಣಿ ಅಂತ ಮೊಬೈಲ್‌ನಲ್ಲಿ ಹುಡುಕವ್ರೆ. ಅದು ಮೊಸಳೆ ತರದ್ದೇ ಅಲಿಗೇಟರ್ ಅಂದದೆ. ಅಮೆರಿಕಾದ್ದು ಇಲ್ಲಿಗೆ ಹೆಂಗ್ ಬಂತು, ನನ್ನ ಅಂಗಡಿಯಿಂದಲೇ ಬಂದಿರ್ಬೇಕು ಅಂತವ್ರೆ. ಅಬ್ಬ ಮೊಸಳೆ ಸಾಕ್ತಿದ್ರು ಅನ್ನೋದೂ ಸೇರ್ಕಂಡೈತೆ."

"ನೀನು ತಂದಿದ್ದೀಯೇನಪ್ಪಾ?"

"ನನ್ನ ಅಂಗಡೀಲಿ ಗಪ್ಪಿ, ಗೋಲ್ಡ್ ಫಿಶ್ ಬಿಟ್ರೆ ಏನೂ ಇಲ್ಲ ಅತ್ತೆ. ನಾಳೆ ಅರಣ್ಯದವರು ವಿಚಾರಣೆಗೆ ಕರೆದವ್ರೆ. ಅಂಗಡಿ ಮುಚ್ಚಿ ಮೂರು ದಿನ ಆಯ್ತು."

ಅಂಕಮ್ಮ ಪ್ರಕಾಶನ ಮನೆಗೆ ಹೋಗಿ ಫೋಟೋ ನೋಡಿದರು. ದೂರದಿಂದ ತೆಗೆದದ್ದು, ಮಸುಕು. ಅಗಲವಾದ ಮೂತಿ, ತೆರೆದ ಬಾಯಿ. ಪ್ರಕಾಶ ಕೆಟ್ಟವನಲ್ಲ. ತನಗೆ ತಿಳಿದಷ್ಟು ಹೇಳಿದ್ದ. "ಮೂತಿ ಅಗಲ ಇದ್ರೆ ಅಲಿಗೇಟರ್, ಚೂಪಾಗಿದ್ರೆ ಮೊಸಳೆ ಅಂತ ಬರ್ದೈತೆ ಅಂಕಮ್ಮಾರೆ" ಎಂದ.

"ಅರ್ಧ ಬರ್ದೈತೆ ಬಿಡಪ್ಪ" ಎಂದಷ್ಟೇ ಹೇಳಿ ಅವರು ವಲಯ ಅರಣ್ಯ ಕಚೇರಿಗೆ ಫೋನ್ ಹಚ್ಚಿಸಿದರು. ಧನಲಕ್ಷ್ಮಿ ಎಂಬ ಅಧಿಕಾರಿ ಮಾತಾಡಿದರು. ಆ ಪ್ರಾಣಿಯನ್ನು ಹಿಡಿಯಲು ತಂಡ ಬೆಳಿಗ್ಗೆ ಬರುತ್ತದೆ, ನೀವೂ ಬನ್ನಿ ಎಂದರು.

"ಹೊತ್ತು ಹುಟ್ಟೋ ಮುಂಚೆ ಬನ್ನಿ ಮೇಡಂ. ಹತ್ತು ಗಂಟೆಗೆ ಬಂದ್ರೆ ಏನೂ ಮಾಡಾಕಾಗಲ್ಲ."

ಬೆಳಿಗ್ಗೆ ಮಂಜಿತ್ತು. ಕೆರೆಯ ಏರಿಯ ಮೇಲೆ ಪೊದೆಯ ಹಿಂದೆ ಧನಲಕ್ಷ್ಮಿ, ಬಲೆ ಹಿಡಿದ ಐದು ಮಂದಿ ಸಿಬ್ಬಂದಿ, ಅಂಕಮ್ಮನ ಜೊತೆ ಬಂದ ಇಸ್ರಾರ್ ಕೂತಿದ್ದರು. ಅಂಕಮ್ಮ ಸ್ವೆಟರ್ ಮೇಲೆ ಸೆರಗು ಹೊದ್ದು ಬೈನಾಕ್ಯುಲರ್ ಹಿಡಿದಿದ್ದರು. ನೀರಿನಿಂದ ಹಬೆ ಏಳುತ್ತಿತ್ತು. ದಡದಲ್ಲಿ ಒಡೆದ ಆಮೆಚಿಪ್ಪಿನ ತುಂಡುಗಳು ಬಿದ್ದಿದ್ದವು. ಅದನ್ನು ನೋಡುತ್ತಿದ್ದಂತೆ ಅವರಿಗೆ ಮೃಗಾಲಯದ ಮೂರು ಕೊಳಗಳು ನೆನಪಾದವು.

ಆ ಮೂರು ಕೊಳಗಳು ಅಕ್ಕಪಕ್ಕದಲ್ಲಿದ್ದವು. ಒಂದರಲ್ಲಿ ನಮ್ಮ ಹೊಳೆಗಳ ಮಗರ್ ಮೊಸಳೆ, ಒಂದರಲ್ಲಿ ಅಮೆರಿಕಾದ ಅಲಿಗೇಟರ್, ಮೂರನೆಯದರಲ್ಲಿ ಉತ್ತರದ ಹೊಳೆಗಳಿಂದ ಬಂದ ಘರಿಯಾಲ್. ಘರಿಯಾಲ್‌ನ ಮೂತಿ ಕೊಳಲಿನಂತೆ ಉದ್ದ, ಸಣ್ಣ. ನೀರಲ್ಲಿ ಆ ಮೂತಿಯನ್ನು ಪಕ್ಕಕ್ಕೆ ಸರಕ್ಕನೆ ಬೀಸಿದರೆ ಮೀನು ಸಿಕ್ಕೇಬಿಡುತ್ತಿತ್ತು. ಅದಕ್ಕೆ ಮೀನೇ ಊಟ. ಉಳಿದ ಎರಡಕ್ಕೆ ಅಗಲವಾದ ಬಲವಾದ ದವಡೆ. ಮಾಂಸ, ಕೋಳಿ, ಮೀನು, ಆಮೆ, ಯಾವುದಾದರೂ ಸರಿ, ಕಚ್ಚಿ ಒಡೆದು ನುಂಗುತ್ತಿದ್ದವು.

ಅಂಕಮ್ಮ ಕೆಲಸಕ್ಕೆ ಸೇರಿದ ಮೊದಲ ಡಿಸೆಂಬರಿನಲ್ಲಿ ಒಂದೂ ತಿನ್ನಲಿಲ್ಲ. ಕಾಯಿಲೆಯೆಂದು ಹೆದರಿ ಅವರು ಓಡಿ ಹೋದಾಗ ಮೆಹಬೂಬ್ ಸಾಹೇಬರು ಬೀಡಿ ಆರಿಸಿ ಎದ್ದು ಬಂದಿದ್ದರು. "ಅಂಕಮ್ಮ, ನಮಗೆ ಒಲೆ ಹೊಟ್ಟೆಯೊಳಗೇ ಐತೆ. ಇವಕ್ಕೆ ಒಲೆ ಆಕಾಶದಲ್ಲೈತೆ. ಬಿಸಿಲು ಹತ್ತದೆ ತಿಂದ್ರೆ ಹೊಟ್ಟೇಲಿ ಹಂಗೇ ಉಳ್ಕಂಡು ಕೊಳೀತದೆ. ಮೊದಲು ಕಾಯ್ಲಿ, ಆಮೇಲೆ ಕೊಡು" ಎಂದಿದ್ದರು. ಅಂದಿನಿಂದ ಚಳಿಗಾಲದಲ್ಲಿ ಇಬ್ಬರೂ ಕಲ್ಲುಬೆಂಚಿನ ಮೇಲೆ ಕೂತು, ದಡಕ್ಕೆ ಬಂದು ಬಿಸಿಲಿಗೆ ಮೈ ಕಾಯಿಸುವ ಮೊಸಳೆಗಳನ್ನು ನೋಡುತ್ತ ಟೀ ಕುಡಿಯುತ್ತಿದ್ದರು. ಮೊದಲ ಬಿಸಿಲಿಗೆ ಬಾಯಿ ಮುಚ್ಚಿ ಮಲಗುತ್ತಿದ್ದವು. ಸಾಕಷ್ಟು ಬೆಚ್ಚಗಾದ ಮೇಲೆ, ತಲೆ ತಂಪಾಗಲೆಂದು, ಬಾಯಿ ತೆರೆದು ಮಲಗುತ್ತಿದ್ದವು. ಬೆಳಗಿನ ಆ ಒಂದು ಗಂಟೆ ಅಂಕಮ್ಮನ ಇಡೀ ನೌಕರಿಯಲ್ಲಿ ಅತ್ಯಂತ ನೆಮ್ಮದಿಯದಾಗಿತ್ತು.

"ಬಂತು" ಎಂದು ಧನಲಕ್ಷ್ಮಿ ಪಿಸುಗುಟ್ಟಿದರು.

ಬಿಸಿಲಿನ ಒಂದು ಪಟ್ಟಿ ದಡದ ಮೇಲೆ ಬಿದ್ದಿತ್ತು. ಏಳಡಿ ಉದ್ದದ ಪ್ರಾಣಿ ನೀರಿನಿಂದ ನಿಧಾನವಾಗಿ ತೆವಳಿ ಬಂದು ಆ ಬಿಸಿಲಿಗೆ ಮೈಯೊಡ್ಡಿ ಮಲಗಿತು. ಬಾಯಿ ಮುಚ್ಚಿತ್ತು. ಅಂಕಮ್ಮ ಬೈನಾಕ್ಯುಲರ್‌ನಲ್ಲಿ ದವಡೆಯ ಅಂಚನ್ನು ಹಿಡಿದು ನೋಡಿದರು. ಸಾಲಿನಲ್ಲಿ ಮುಂದಿನಿಂದ ಎಣಿಸಿದರು.

"ನೋಡಿ ಮೇಡಂ. ಕೆಳದವಡೆಯ ನಾಲ್ಕನೇ ಹಲ್ಲು. ಬಾಯಿ ಮುಚ್ಚಿದ್ರೂ ಮೇಲಿನ ದವಡೆಯಂಚಿನ ಕಚ್ಚಿನಲ್ಲಿ ಹೊರಗೇ ಕಾಣಿಸ್ತದೆ. ಅಲಿಗೇಟರ್‌ನಲ್ಲಿ ಆ ಹಲ್ಲು ಮೇಲಿನ ದವಡೆಯ ಗುಳಿಯೊಳಗೆ ಮುಚ್ಕೊಂಡುಬಿಡ್ತದೆ. ಇದು ನಮ್ಮ ಹೊಳೆಯ ಮಗರ್ ಮೊಸಳೆ. ಮೊಸಳೆಗಳಲ್ಲೆಲ್ಲ ಇದಕ್ಕೇ ಮೂತಿ ಅಗಲ. ಅದ್ರಿಂದಲೇ ಮೋಸ ಹೋಗೋದು. ಘರಿಯಾಲ್ ಆಗಿದ್ರೆ ಇಲ್ಲಿ ಆಮೆಚಿಪ್ಪು ಒಡೆದು ಬಿದ್ದಿರ್ತಿರಲಿಲ್ಲ."

ಧನಲಕ್ಷ್ಮಿ ಬೈನಾಕ್ಯುಲರ್ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ದೊಡ್ಡ ಕ್ಯಾಮೆರಾದಲ್ಲಿ ನಾಲ್ಕು ಫೋಟೋ ತೆಗೆದರು. "ಹಾಗಾದ್ರೆ ಕಾವೇರಿಯಿಂದ ಮಳೆಗಾಲದಲ್ಲಿ ಹಳ್ಳ ಹಿಡಿದು ಬಂದಿರ್ಬೇಕು" ಎಂದರು. ಆಮೇಲೆ ಇಸ್ರಾರ್‌ನ ಕಡೆ ತಿರುಗಿ, "ನೀವು ಕಚೇರಿಗೆ ಬರಬೇಕಿಲ್ಲ" ಎಂದರು.

ಇಸ್ರಾರ್ ಎರಡೂ ಕೈಯಿಂದ ಮುಖ ಒರೆಸಿಕೊಂಡ.

"ಈಗ್ಲೇ ಹಿಡೀರಿ" ಎಂದರು ಅಂಕಮ್ಮ. "ಇನ್ನೊಂದರ್ಧ ಗಂಟೆ ಬಿಟ್ರೆ ಮೈ ಕಾದು ನೀರಿಗೆ ಹಾರಿಬಿಡ್ತದೆ. ನೀರಿಗೂ ಅದಕ್ಕೂ ನಡುವೆ ಬಲೆ ತನ್ನಿ. ತಣ್ಣಗಿದ್ರೆ ಸತ್ತಿದೆ ಅಂತ ಅಂದ್ಕೋಬೇಡಿ. ಬಾಲ ಬೀಸ್ತದೆ, ಹಿಂದಿನಿಂದ ಹೋಗಬೇಡಿ."

ಹಾಗೇ ಆಯಿತು. ಮೊಸಳೆ ಒಮ್ಮೆ ಬಾಲ ಬೀಸಿತು, ಒಬ್ಬರ ಬೂಟು ಹಾರಿ ಬಿತ್ತು. ಅಷ್ಟರಲ್ಲಿ ಬಲೆ ಬಿದ್ದಿತ್ತು. ಅಂಕಮ್ಮ ತಮ್ಮ ಟವೆಲನ್ನು ಕೊಟ್ಟು ಕಣ್ಣು ಮುಚ್ಚಿಸಿದರು. "ಕಚ್ಚೋದಕ್ಕೆ ಎಷ್ಟು ಬಲ ಇದೆಯೋ ಬಾಯಿ ತೆಗೆಯೋದಕ್ಕೆ ಅಷ್ಟು ಇಲ್ಲ, ಮೂತಿಗೆ ಹಗ್ಗ ಸಾಕು" ಎಂದು ತಾವೇ ಬಗ್ಗಿ ಗಂಟು ಹಾಕಿದರು. ಅವರ ಬೆರಳುಗಳಿಗೆ ಆ ಗಂಟು ಇನ್ನೂ ನೆನಪಿತ್ತು.

ಮಧ್ಯಾಹ್ನ ಕಾವೇರಿಯ ಸಂಗಮದ ಕೆಳಗೆ, ಜನ ಸುಳಿಯದ ಮರಳ ದಂಡೆಯಲ್ಲಿ ಅದನ್ನು ಇಳಿಸಿದರು. ಹಗ್ಗ ಬಿಚ್ಚಿದ ಮೇಲೆ ಕ್ಷಣ ಸುಮ್ಮನಿದ್ದು, ಆಮೇಲೆ ಸದ್ದಿಲ್ಲದೆ ನೀರಿಗೆ ಜಾರಿತು.

"ಅಬ್ಬ ಇದ್ದಿದ್ರೆ ಖುಷಿ ಪಡೋರು ಅತ್ತೆ" ಎಂದ ಇಸ್ರಾರ್.

"ಸುಮ್ನೆ ಖುಷಿ ಪಡೋರಲ್ಲ. ಗಂಟು ಎಡಗಡೆಗೆ ಹಾಕಿದ್ದೀಯ ಅಂತ ನನ್ನ ಬೈಯೋರು." ಅಂಕಮ್ಮ ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು. ನಿವೃತ್ತಿಯಾದ ಮೇಲೆ ಸಾಹೇಬರನ್ನು ಒಮ್ಮೆಯೂ ನೋಡಲಾಗಿರಲಿಲ್ಲ. ಅವರು ತೀರಿಕೊಂಡ ಸುದ್ದಿ ತಿಂಗಳು ತಡವಾಗಿ ಬಂದಿತ್ತು.

ವಾಪಸಾಗುವಾಗ ಧನಲಕ್ಷ್ಮಿಯ ಜೀಪು ಇಬ್ಬರನ್ನೂ ಕನಕಪುರದ ಅಂಗಡಿಯ ಮುಂದೆ ಇಳಿಸಿತು. ಪ್ರಕಾಶ ಅಲ್ಲಿಗೆ ಮೊದಲೇ ಬಂದು ನಿಂತಿದ್ದ. "ತಪ್ಪಾಯ್ತು ಇಸ್ರಾರಣ್ಣ. ಫೋಟೋ ಕಳಿಸಿದ ಗ್ರೂಪಿಗೆಲ್ಲ ಮೊಸಳೆ ಅಂತ ಹಾಕಿದ್ದೀನಿ" ಎಂದ.

ಇಸ್ರಾರ್ ಶಟರ್ ಎತ್ತಿದ. ಒಳಗೆ ತೊಟ್ಟಿಯ ಬೆಳಕು ಹೊತ್ತಿಕೊಂಡಿತು. ನಾಲ್ಕು ದಿನ ಹಸಿದ ಮೀನುಗಳು ಗಾಜಿನ ಹತ್ತಿರ ಗುಂಪುಗೂಡಿದವು. ಅಂಕಮ್ಮನಿಗೆ ಅವನು ಒಂದು ಸ್ಟೂಲ್ ಹಾಕಿದ, ಪ್ರಕಾಶನಿಗೂ ಒಂದು. ಎದುರಿನ ಹೋಟೆಲಿಗೆ ಮೂರು ಟೀ ಹೇಳಿದ. ಟೀ ಬರುವವರೆಗೆ ಅಂಕಮ್ಮ ಮೆಹಬೂಬ್ ಸಾಹೇಬರ ಮಾತೇ ಆಡಿದರು. ಘರಿಯಾಲ್ ಗಂಡಿನ ಮೂತಿಯ ತುದಿಯಲ್ಲಿ ಮಡಕೆಯಂತಹ ಗಂಟು ಬೆಳೆಯುವುದನ್ನು ಸಾಹೇಬರು ಮೊದಲ ಸಲ ತೋರಿಸಿ, "ನೋಡು, ಇವನಿಗೆ ಹರೆಯ ಬಂತು" ಎಂದದ್ದನ್ನು ಹೇಳಿದರು. ಇಸ್ರಾರ್ ಆ ಕತೆ ಕೇಳಿರಲಿಲ್ಲ. ಇನ್ನೊಮ್ಮೆ ಹೇಳಿ ಅತ್ತೆ ಎಂದ.